ಬೀಗರ ಇನ್‌ವಾಯ್ಸು

ಪಾಂಡವಪುರದಲ್ಲಿ ಉಕ್ಕಿನ ಬೀರು ತಯಾರಿಸುವ ಜವರೇಗೌಡರಿಗೆ ಮೈಯೆಲ್ಲ ಉರಿದುಹೋಗಿತ್ತು. ತಗಡು ಬರುತ್ತಿದ್ದದ್ದು ನಾಗಮಂಗಲದ ಬೀಗರ ಕಾರ್ಖಾನೆಯಿಂದ. ಮಗಳನ್ನು ಕೊಟ್ಟ ಮನೆ. ಬೀಗರು ತಗಡಿಗೆ ಎಕ್ಸೈಸ್ ಸುಂಕ ಕಟ್ಟಿದ್ದಾರೆಂದು ಇನ್‌ವಾಯ್ಸು ಹೇಳುತ್ತಿತ್ತು. ಅದನ್ನು ನಂಬಿ ಗೌಡರು ತಾವು ಬೀರುಗಳಿಗೆ ಕಟ್ಟಬೇಕಾದ ಸುಂಕದಲ್ಲಿ ಅಷ್ಟನ್ನು ಮುರಿದುಕೊಂಡಿದ್ದರು. ಇನ್‌ಸ್ಪೆಕ್ಟರ್ ರೇವತಿ ಆ ಇನ್‌ವಾಯ್ಸಿನ ನಕಲನ್ನು ತಾಳೆ ನೋಡಲು ಬೀಗರ ಕಡೆಯ ಎಕ್ಸೈಸ್ ಕಚೇರಿಗೆ ಕಳಿಸಿಬಿಟ್ಟಿದ್ದರು.

"ಬೀಗ್ರ ಮ್ಯಾಲೆ ಅನುಮಾನ್ವಾ? ನಮ್ ಮಾನ ಏನಾಯ್ತದೆ?"

"ಅನುಮಾನ ಅಲ್ಲ ಗೌಡ್ರೆ. ಕೊಂಡವರು ಹೇಳಿದ್ದನ್ನ ಮಾರಿದವರೂ ಹೇಳ್ಬೇಕು, ಅಷ್ಟೇ."

ಉತ್ತರ ಬಂದ ದಿನ ರೇವತಿಯೇ ಕಾರ್ಖಾನೆಗೆ ಬಂದು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಎರಡರಲ್ಲೂ ಇನ್‌ವಾಯ್ಸಿನ ನಂಬರು ಒಂದೇ. ಆದರೆ ಬೀಗರು ಸರ್ಕಾರಕ್ಕೆ ಒಪ್ಪಿಸಿದ ಪ್ರತಿಯಲ್ಲಿ ಕೊಂಡವರು ಕೆ.ಆರ್. ಪೇಟೆಯ ಯಾರೋ, ಸುಂಕವೂ ಅರ್ಧಕ್ಕಿಂತ ಕಡಿಮೆ. ಗೌಡರ ಹೆಸರಿನಲ್ಲಿ ಬೀಗರು ಬಿಡಿಗಾಸೂ ಕಟ್ಟಿರಲಿಲ್ಲ.

ಬೀಗರು ಕೊಟ್ಟದ್ದನ್ನು ಗೌಡರು ಒಂದು ದಿನವೂ ಬಿಚ್ಚಿ ನೋಡಿದವರಲ್ಲ. ಹೆಣ್ಣು ಕೊಟ್ಟವರು ಹಾಗೆ ನೋಡುವುದುಂಟೆ? ಈ ಇನ್‌ಸ್ಪೆಕ್ಟರ್ ಹುಡುಗಿ ಯಾರನ್ನೂ ಬೈಯದೆ, ಯಾರ ಮನೆಗೂ ನುಗ್ಗದೆ, ಎರಡು ಹಾಳೆ ಜೋಡಿಸಿ ಸುಳ್ಳನ್ನು ಹೊರಗೆಳೆದಿದ್ದಳು. ತಪ್ಪಾಗಿ ಮುರಿದುಕೊಂಡ ಸುಂಕವನ್ನು ವಾಪಸು ಕಟ್ಟಲು ಗೌಡರು ಒಪ್ಪಿದರು. ಆಮೇಲೆ ಎದ್ದು ಬೀರುವಿನಿಂದ ಬೀಗರ ಹಳೆಯ ಇನ್‌ವಾಯ್ಸುಗಳ ಕಂತೆಯನ್ನೇ ತಂದು ಅವಳ ಮುಂದಿಟ್ಟರು.

"ಬೀಗ್ರನ್ನ ನಾನು ಕೇಳಂಗಿಲ್ಲ ಕಣವ್ವ. ನೀನು ಕೇಳು."