ಅರವತ್ತು ಮಗ್ಗದ ಮುಂಗಡ

ಐದು ವರ್ಷದ ಹಿಂದೆ, ಸೇಲಂನ ಆಡಿಟರ್ ವಿಶ್ವನಾಥನ್ ಅವರ ಆಫೀಸಿನಲ್ಲಿ, ಅಲ್ಲಿ ಲೆಕ್ಕ ಬರೆಯುವ ಆರತಿ ಒಂದು ಪ್ರಾಜೆಕ್ಟ್ ರಿಪೋರ್ಟ್ ಮಾಡಿದ್ದಳು. ನೇಕಾರರಿಗೆ ನೂಲು ಕೊಟ್ಟು ರೇಷ್ಮೆ ಸೀರೆ ನೇಯಿಸುವ ಧಣಿ ಪುರಂದರ ಮೊದಲಾಳಿಗೆ ಚೆನ್ನೈನ ಒಂದು ಜವಳಿ ಅಂಗಡಿಯಿಂದ ಐದು ವರ್ಷದ ಆರ್ಡರ್ ಸಿಕ್ಕಿತ್ತು. ಅರವತ್ತು ಮಗ್ಗ, ಒಂದೇ ಬಗೆಯ ಅಂಚು. ಐದು ವರ್ಷ ಮುಗಿದರೆ ಆರ್ಡರೂ ಮುಗಿಯಿತು.

ಹಣ ಹಾಕುವವನು ಪುರಂದರನ ಭಾವಮೈದುನ, ಪಾಲಕೋಡಿನಲ್ಲಿ ಟೊಮೇಟೊ ಮಂಡಿ ಇಟ್ಟವನು. ನೂರಕ್ಕೆ ಹದಿನಾಲ್ಕಕ್ಕಿಂತ ಕಡಿಮೆ ಬರುವ ಕಡೆ ಅವನು ಒಂದು ರೂಪಾಯಿ ಇಡುವವನಲ್ಲ.

ಆರತಿ ಲೆಕ್ಕ ಹಾಕಿದಳು. ನೂಲು, ಮಾರಾಟಕ್ಕೆ ಕಾಯುವ ಸೀರೆ, ಅಂಗಡಿಯಿಂದ ಬರಬೇಕಾದ ಬಾಕಿ, ನೇಕಾರರಿಗೆ ಕೊಡುವ ಮುಂಗಡ; ಇದರಲ್ಲಿ ನೂಲು ಮಾರಿದವರಿಗೆ ಕೊಡಬೇಕಾದ್ದನ್ನು ಕಳೆದರೆ ಉಳಿಯುವುದು ದುಡಿಯುವ ಬಂಡವಾಳ. ಮಗ್ಗ ಆಡುವ ಮೊದಲೇ ಮೂವತ್ತಾರು ಲಕ್ಷ ಬೇಕು. ಆಮೇಲೆ ಮಾರಾಟ ಏರಿದಂತೆ, ಎಷ್ಟು ಹೆಚ್ಚಿತೋ ಅಷ್ಟನ್ನು ಮಾತ್ರ ವರ್ಷವರ್ಷ ಸೇರಿಸಬೇಕು. ಒಟ್ಟು ನಲವತ್ತನಾಲ್ಕು ಲಕ್ಷ. ಐದನೇ ವರ್ಷದ ಮುಂದೆ ಮಾರಾಟವಿಲ್ಲ, ನೂಲು ಬೇಡ, ಸಾಲ ಕೊಡುವುದು ಬೇಡ. ಆಗ ಹಾಕಿದ್ದು ಕೈಗೆ ಬರಬೇಕು.

ಅವಳ ಕೈ ನಿಂತದ್ದು ಮುಂಗಡದ ಸಾಲಿನಲ್ಲಿ. ಒಂದು ಮಗ್ಗಕ್ಕೆ ಇಪ್ಪತ್ತು ಸಾವಿರ, ಅರವತ್ತಕ್ಕೆ ಹನ್ನೆರಡು ಲಕ್ಷ. ಕೊನೆಗೆ ನೂರಕ್ಕೆ ನಲವತ್ತು ವಾಪಸ್ ಎಂದು ಬರೆದಳು. ಹದಿನಾಲ್ಕರ ದರದಲ್ಲಿ ಬರುವುದು, ಹೋಗುವುದು ಎಲ್ಲವನ್ನೂ ಇಂದಿನ ಬೆಲೆಗೆ ಇಳಿಸಿದಾಗ ಒಂದೂ ಮುಕ್ಕಾಲು ಲಕ್ಷ ಕಡಿಮೆ ಬಿತ್ತು; ಅಂದರೆ ಪಾಲಕೋಡಿನವನು ಹಣ ಹಾಕುವುದಿಲ್ಲ.

"ನಲವತ್ತಾ?" ಪುರಂದರ ನಕ್ಕ. "ನಮ್ಮಪ್ಪನ ಕಾಲದಿಂದ ಒಂದು ರೂಪಾಯಿ ಮುಂಗಡ ಮುಳುಗಿಲ್ಲ ಕಣಮ್ಮ. ನೇಕಾರ ನನ್ನ ಬಿಟ್ಟು ಇನ್ನೊಬ್ಬನ ಹತ್ರ ಓದ್ರೆ ಆ ಮೊದಲಾಳಿ ನನ್ನ ಮುಂಗಡ ಕಟ್ಟಿ ಕರ್ಕೊಂಡೋಗ್ತಾನೆ. ನಿಮ್ಮ ಚಿಕ್ಕಮ್ಮನ್ನೇ ಕೇಳು."

ಆರತಿ ಕೇಳಿದಳು. ಸೇಲಂನ ಗುಗೈ ಬಡಾವಣೆಯಲ್ಲಿದ್ದ ಅವಳ ತಾಯಿಯ ತಂಗಿ ಸುಗುಣಾ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಪುರಂದರನ ಸೀರೆಯನ್ನೇ ನೇಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಮಗ್ಗವೇ ಅವಳ ಅನ್ನ.

"ಅವ್ರು ಏಳಿದ್ದು ನಿಜಾನೇ. ನಾನು ಮೂರು ಮೊದಲಾಳಿ ಬದಲಾಯ್ಸಿದೀನಿ, ಮೂರು ಸಲಾನೂ ಹೊಸಬ ಕಟ್ಟಿದಾನೆ. ಮದುವೆ ಹೆಣ್ಣಿಗೂ ಇಷ್ಟು ಬೇಡಿಕೆ ಇಲ್ಲ ಕಣೇ."

ಎಲ್ಲರೂ ಒಬ್ಬೊಬ್ಬರಾಗಿ ಬಿಟ್ಟು ಹೋದ ಕಾಲದ ಮಾತು ಅದು. ಅರವತ್ತು ಜನ ಒಂದೇ ದಿನ ಬಿಟ್ಟರೆ ಕಟ್ಟುವವರು ಯಾರು ಎಂದು ಆರತಿಯ ಮನಸ್ಸಿಗೆ ಬಂದಿತ್ತು. ಆದರೂ ನಲವತ್ತನ್ನು ಅಳಿಸಿ ನೂರು ಮಾಡಿದಳು. ಕಡಿಮೆ ಬಿದ್ದದ್ದು ತುಂಬಿ ಲೆಕ್ಕದಲ್ಲಿ ಎರಡು ಲಕ್ಷ ಹೆಚ್ಚೇ ಬಂತು. ಪಾಲಕೋಡಿನ ಹಣವೂ ಬಂತು.

ಹೊಸ ಅಂಚಿಗೆ ದೊಡ್ಡ ಜಕಾರ್ಡ್ ಬೇಕಾಗಿತ್ತು. ಮಗ್ಗದ ಮೇಲೆ ಕೂತು ಎಳೆ ಎತ್ತಿ ಹೂವು ತೆಗೆಯುವ ಪೆಟ್ಟಿಗೆ. ಸುಗುಣಾ ಮುಂಗಡದ ಇಪ್ಪತ್ತು ಸಾವಿರಕ್ಕೆ ತನ್ನ ಕಿವಿಯ ಓಲೆ ಮಾರಿದ ಹಣ ಸೇರಿಸಿ ಅದನ್ನು ಕೊಂಡಳು. ಉಳಿದವರೂ ಹಾಗೇ ಮಾಡಿದರು. ಆರತಿಯ ಕಾಗದದಲ್ಲಿ ಮಾತ್ರ ಆ ಮುಂಗಡ ವಾಪಸ್ ಬರುವ ನಗದಾಗಿಯೇ ಇತ್ತು.

ಈ ವರ್ಷ ಮಾರ್ಚಿಗೆ ಆರ್ಡರ್ ಮುಗಿಯಿತು. ನೂಲನ್ನು ಮುಗಿಸಿಕೊಂಡರು, ಅಂಗಡಿಯ ಬಾಕಿ ಬಂತು. ಮುಂಗಡ ಬರಲಿಲ್ಲ. ಊರಿನ ಉಳಿದ ಮೊದಲಾಳಿಗಳು ಪವರ್‌ಲೂಮಿಗೆ ತಿರುಗಿದ್ದರು. ಅರವತ್ತರಲ್ಲಿ ಒಬ್ಬರನ್ನೂ ಯಾರೂ ಕರೆಯಲಿಲ್ಲ.

ಪುರಂದರ ಆಫೀಸಿಗೆ ಬಂದು ಹಳೆಯ ರಿಪೋರ್ಟನ್ನು ಮೇಜಿನ ಮೇಲೆ ಇಟ್ಟ. ಅವನಿಗೆ ಕೋಪವೇ ಇರಲಿಲ್ಲ.

"ಭಾವಮೈದುನ ಹನ್ನೆರಡು ಲಕ್ಷ ಕೇಳ್ತಾವ್ನೆ. ನೀನು ಬರ್ದಿದ್ದೀಯ, ನೀನೇ ಜೊತೇಲಿ ಬಾ. ಮೊದಲು ನಿಮ್ಮ ಚಿಕ್ಕಮ್ಮನ ಮನೆ."

"ಅವಳ ಮನೆಯೇ ಯಾಕೆ ಮೊದಲು?"

"ಲೆಕ್ಕ ಬರೆದವಳ ಮನೆಯಿಂದಾನೇ ತಂದಿದೀನಿ ಅಂದ್ರೆ ಬೇರೆಯವ್ರು ಬಾಯಿ ತೆಗೀತಾರಾ?"

ವಿಶ್ವನಾಥನ್ ತಲೆ ಎತ್ತದೆ "ಹೋಗಿ ಬಾಮ್ಮ, ಹಳೇ ಪಾರ್ಟಿ" ಎಂದರು.

ಸುಗುಣಾ ಅವರಿಬ್ಬರನ್ನೂ ನೋಡಿ ಚಾಪೆ ಹಾಸಿದಳು. ಪುರಂದರ ಕೂರಲಿಲ್ಲ. ವಿಷಯ ಹೇಳಿದ.

"ಕೂಲೀಲಿ ಸಾವಿರ ಸಾವಿರ ಮುರ್ಕೊಳ್ಳಿ ಮೊದಲಾಳಿ. ನೇಯ್ದು ತೀರಿಸ್ತೀನಿ."

"ಯಾವ ನೂಲಲ್ಲಿ ನೇಯ್ತೀಯಮ್ಮ? ನಿನ್ನ ತಲೆಕೂದಲಲ್ಲಾ?"

"ನಾನು ಕೊಡುತ್ತೇನೆ." ಆರತಿ ಚೀಲದಿಂದ ಹಣ ತೆಗೆದಳು. ಬೆಳಿಗ್ಗೆಯೇ ಬ್ಯಾಂಕಿನಿಂದ ತಂದಿಟ್ಟುಕೊಂಡಿದ್ದಳು. "ಇಪ್ಪತ್ತು ಸಾವಿರ. ಎಣಿಸಿಕೊಳ್ಳಿ."

ಪುರಂದರ ಆ ನೋಟುಗಳನ್ನು ನೋಡಿದ, ಮುಟ್ಟಲಿಲ್ಲ.

"ಇದನ್ನ ತಕ್ಕೊಂಡ್ರೆ ಐವತ್ತೊಂಬತ್ತು ಜನ ನಮಗೂ ಅಂಥ ಮಗಳು ಎಲ್ಲವ್ಳೆ ಅಂತಾರೆ. ನಂಗೆ ಬೇಕಾಗಿರೋದು ಮೊದಲನೇ ಜಕಾರ್ಡ್ ಪೆಟ್ಟಿಗೆ. ಅದು ಬೀದೀಲಿ ಓಗೋದನ್ನ ಜನ ನೋಡ್ಬೇಕು."

ಸುಗುಣಾ ಆರತಿಯ ಕಡೆ ತಿರುಗಿದಳು. "ನೂರಕ್ಕೆ ನೂರು ಬರ್ತದೆ ಅಂತ ನೀನೇ ಬರ್ದೆಯಾ?"

"ಹೌದು ಚಿಕ್ಕಮ್ಮ."

"ನಾನೂ ಅಂಗೇ ಏಳಿದ್ನಲ್ಲ" ಎಂದಳು ಸುಗುಣಾ. ಅವಳು ಬೈದಿದ್ದರೆ ಆರತಿಗೆ ಹಗುರವಾಗುತ್ತಿತ್ತು.

ಪುರಂದರನ ಇಬ್ಬರು ಆಳುಗಳು ಬಂದು ಪೆಟ್ಟಿಗೆಯ ಹಗ್ಗ ಬಿಚ್ಚಿದರು. ನೂರಾರು ಎಳೆಗಳನ್ನು ಕತ್ತರಿಸಬೇಕಾಗಿತ್ತು. ಕತ್ತರಿ ಮೊಂಡಾಗಿದೆ ಎಂದು ಒಬ್ಬ ಗೊಣಗಿದ. ಸುಗುಣಾ ಒಳಗೆ ಹೋಗಿ ತನ್ನ ಕತ್ತರಿ ತಂದುಕೊಟ್ಟಳು; ಮೊಂಡು ಕತ್ತರಿಯಲ್ಲಿ ಎಳೆದರೆ ಪೆಟ್ಟಿಗೆಯ ಕೊಕ್ಕೆ ಬಾಗುತ್ತದೆ ಎಂದಳು. ಪೆಟ್ಟಿಗೆಯನ್ನು ತೆರೆದ ಗಾಡಿಯಲ್ಲಿ, ಎಲ್ಲರಿಗೂ ಕಾಣುವಂತೆ ಒಯ್ದರು.

ವಾರದಲ್ಲಿ ಅರವತ್ತು ಪೆಟ್ಟಿಗೆಗಳೂ ಪುರಂದರನ ಶೆಡ್ಡಿಗೆ ಬಂದವು. ಬೀದಿಯಲ್ಲಿ ಯಾರೂ ಜಗಳವಾಡಲಿಲ್ಲ.

ಹಳೇ ಜಕಾರ್ಡ್ ಕೊಳ್ಳುವ ಮುನುಸ್ವಾಮಿ ಶೆಡ್ಡಿಗೆ ಬಂದು ಒಂದು ಸುತ್ತು ನೋಡಿದ. ಒಂದೆರಡಾಗಿದ್ದರೆ ಹನ್ನೆರಡು ಸಾವಿರ ಕೊಡುತ್ತಿದ್ದನಂತೆ. "ಅರವತ್ತು ಒಟ್ಟಿಗೆ ತಂದು ಗುಡ್ಡೆ ಹಾಕಿದ್ರೆ ಕಬ್ಬಿಣದ ರೇಟು ಸಾರ್." ಒಂದಕ್ಕೆ ನಾಲ್ಕು ಸಾವಿರ ಎಂದ. ಅದಕ್ಕಿಂತ ಮೇಲೆ ಹೋಗಲಿಲ್ಲ.

ಎರಡು ಲಕ್ಷ ನಲವತ್ತು ಸಾವಿರ. ಆರತಿ ಕೊನೆಯ ವರ್ಷದ ಸಾಲಿನಲ್ಲಿ ಅದನ್ನು ಬರೆದಳು. ನೂರಕ್ಕೆ ಇಪ್ಪತ್ತು. ಅವಳು ಮೊದಲು ಬರೆದದ್ದರ ಅರ್ಧ.

"ಉಳಿದ ಒಂಬತ್ತು ಲಕ್ಷ ಅರವತ್ತು ಸಾವಿರ ಮುಳುಗಿದ್ದು ಅಂತ ತೋರಿಸಲಾ?" ಎಂದು ಪುರಂದರನನ್ನು ಕೇಳಿದಳು.

"ಯಾಕೆ ಮುಳುಗ್ತದೆ? ತಲೆಗೆ ಹದಿನಾರು ಸಾವಿರಕ್ಕೆ ಸಾಲಪತ್ರ ಬರ್ಸು. ವರ್ಷಕ್ಕೆ ಹದಿನಾಲ್ಕು ಪರ್ಸೆಂಟ್ ಬಡ್ಡಿ ಸೇರ್ಸು. ಪೆಟ್ಟಿಗೆ ಬೆಲೆ ಇಷ್ಟು ಬಿತ್ತು ಅಂತ ನೀನೇ ಏಳು, ನಿನ್ನ ಮಾತು ನಂಬ್ತಾರೆ."

ಆರತಿ ಪತ್ರ ಹಿಡಿದು ಗುಗೈಗೆ ಹೋದಾಗ ಸುಗುಣಾ ಮಗ್ಗದ ಗುಂಡಿಗೆ ಮಣ್ಣು ತುಂಬುತ್ತಿದ್ದಳು. ಸಬ್ಬಕ್ಕಿ ಫ್ಯಾಕ್ಟರಿಯಲ್ಲಿ ಅವಳಿಗೆ ಮರಗೆಣಸಿನ ಸಿಪ್ಪೆ ತೆಗೆಯುವ ಕೆಲಸ ಸಿಕ್ಕಿತ್ತು. ತಾನಿಲ್ಲದ ಹೊತ್ತಿನಲ್ಲಿ ಮನೆಯಲ್ಲಿರುವ ಮೊಮ್ಮಗು ಗುಂಡಿಗೆ ಬಿದ್ದರೆ ಎಂಬ ಭಯ.

ಆರತಿ ಪತ್ರವನ್ನು ಪೂರ್ತಿ ಓದಿ ಹೇಳಿದಳು. ತಮಿಳಿನಲ್ಲಿದ್ದುದನ್ನು ಮನೆಮಾತಾದ ಕನ್ನಡದಲ್ಲಿ ಹೇಳುತ್ತಾ ಎರಡು ಸಲ ನಿಂತಳು.

"ಓಲೇನೂ ಓಯ್ತು, ಪೆಟ್ಟಿಗೇನೂ ಓಯ್ತು, ಇನ್ನೂ ಹದಿನಾರಾ?"

"ಸಹಿ ಹಾಕಬೇಡ ಚಿಕ್ಕಮ್ಮ. ಬೇಡ ಅಂತ ನಾನೇ ಹೇಳ್ತಿದ್ದೀನಿ."

"ಆಕ್ದೆ ಇದ್ರೆ ಅವ್ನು ಫ್ಯಾಕ್ಟರಿ ಬಾಗಿಲಿಗೆ ಬತ್ತಾನೆ. ಇರೋ ಕೂಲೀನೂ ಓಗ್ತದೆ." ಸುಗುಣಾ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. "ಎಲ್ಲಿ ಆಕ್ಬೇಕು, ತೋರ್ಸು."

ಆರತಿ ತೋರಿಸಿದಳು. ಸುಗುಣಾ ನಿಧಾನವಾಗಿ ಹೆಸರು ಬರೆದು ಪೆನ್ನು ಹಿಂದಕ್ಕೆ ಕೊಟ್ಟಳು. ಆಮೇಲೆ ಬಾಗಿಲ ಹೊರಗಿದ್ದ ಮಣ್ಣಿನ ಗುಡ್ಡೆಯ ಕಡೆ ಬೆರಳು ತೋರಿದಳು.

"ನಿಂತ್ಕೊಂಡು ಏನ್ ನೋಡ್ತೀಯ? ಆ ಬುಟ್ಟಿ ತುಂಬ್ಕೊಂಡು ಬಾ."

ಆರತಿ ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿ, ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು.