ಗಟ್ಟಿಮೇಳದ ಹೊತ್ತಿಗೆ ನಿಂತ ಲೈವ್

ಮದುವೆಗಳ ಲೈವ್ ಮಾಡಿ ಮಾಡಿ ನನಗೆ ಬೈಗುಳ ಅಭ್ಯಾಸವಾಗಿದೆ. ನೆಟ್‌ವರ್ಕ್ ಹೋದರೂ ನನ್ನನ್ನೇ ಬೈಯುತ್ತಾರೆ, ಸೋದರತ್ತೆಯ ಹೊಸ ಸೀರೆ ಕಾಣದಿದ್ದರೂ ನನ್ನನ್ನೇ. ಆದರೆ ಬೇಗೂರಿನ ಸೊಣ್ಣಪ್ಪನವರ ಕಿರಿಮಗಳ ಮದುವೆಯಲ್ಲಿ ಬೈಸಿಕೊಳ್ಳಬೇಕಾದವನು ನಿಜವಾಗಿ ನಾನೇ.

ಬೆಳಿಗ್ಗೆ ಛತ್ರದಲ್ಲಿ ಕ್ಯಾಮೆರಾ ನಿಲ್ಲಿಸುತ್ತಿದ್ದಾಗ ಹುಡುಗಿಯ ತಾಯಿ ಅನುಸೂಯಮ್ಮ ಹತ್ತಿರ ಬಂದು, ಸೆರಗಿನ ಮರೆಯಲ್ಲೇ ಒಂದು ಚೀಟಿ ಕೊಟ್ಟರು.

"ಶಶಿ, ಲಿಂಕು ಅಂತೀರಲ್ಲ, ಈ ನಂಬರ್‌ಗೂ ಒಂದು ಕಳ್ಸಪ್ಪ. ಯಜಮಾನ್ರಿಗೆ ಏಳ್ಬೇಡ."

"ಯಾರದಮ್ಮಾ ಇದು?"

"ನನ್ ದೊಡ್ ಮಗಳು ವೇಣಿದು. ಬೇರೆ ಜಾತಿಯವನ್ನ ಕಟ್ಕೊಂಡ್ಳು ಅಂತ ಮೂರ್ ವರ್ಷದಿಂದ ಮನೆಗೆ ಸೇರಿಸಿಲ್ಲ. ಇಲ್ಲೇ ಎಲೆಕ್ಟ್ರಾನಿಕ್ ಸಿಟಿನಾಗವ್ಳೆ. ತಂಗಿ ತಾಳಿ ಕಟ್ಟುಸ್ಕೊಳೋದಾದ್ರೂ ನೋಡ್ಲಿ. ಅಕ್ಸತೆ ಆಕೋವಾಗ ಅವಳ ಪಾಲಿಂದು ಒಂದಿಡಿ ನಿನ್ ಕ್ಯಾಮೆರಾಗೆ ತೋರ್ಸಿ ನಾನೇ ಆಕ್ತೀನಿ. ಅವಳಿಗೆ ಗೊತ್ತಾಗ್ಬೇಕು."

ಲಿಂಕ್ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಥ್ಯಾಂಕ್ಸ್ ಅಣ್ಣ. ರಜೆ ಹಾಕಿ ಕೂತಿದೀನಿ." ಛತ್ರಕ್ಕೂ ಅವಳ ಮನೆಗೂ ಮಧ್ಯೆ ಆರೇ ಕಿಲೋಮೀಟರು. ಅಯ್ಯೋ ಕರ್ಮವೇ ಅನ್ನಿಸಿತು.

ಮುಹೂರ್ತ ಹತ್ತೂ ನಲವತ್ತಕ್ಕೆ. ಹತ್ತೂವರೆಯಾದರೂ ನಾದಸ್ವರದವರು ಬೊಮ್ಮನಹಳ್ಳಿ ಸಿಗ್ನಲ್ ದಾಟಿರಲಿಲ್ಲ. ಮೈಕ್‌ಸೆಟ್ಟಿನ ಮುನಿಕೃಷ್ಣ ಪೆನ್‌ಡ್ರೈವ್ ತೆಗೆದು, "ಗಟ್ಟಿಮೇಳ ಇದ್ರಾಗೈತೆ ಗುರು, ಕ್ಯಾಸೆಟ್ ಕಂಪ್ನಿದು, ಒರಿಜಿನಲ್ಲು" ಎಂದು ಹಲ್ಲು ಕಿರಿದ. ನಾನೂ ತಲೆಯಾಡಿಸಿದೆ. ಅಲ್ಲೇ ನಾನು ಕೆಟ್ಟಿದ್ದು. ಶಬ್ದ ಸ್ವಚ್ಛವಾಗಿ ಬರಲಿ ಎಂದು ಅವನ ಮಿಕ್ಸರಿನಿಂದ ನನ್ನ ಲ್ಯಾಪ್‌ಟಾಪಿಗೆ ನೇರ ವೈರ್ ಎಳೆದಿದ್ದೆ. ಜನರ ಗಲಾಟೆ ಒಂದಿಷ್ಟೂ ಬೆರೆಯದೆ, ಕಂಪನಿಯ ಸಂಗೀತ ಇದ್ದ ಹಾಗೇ ಲೈವಿಗೆ ಹೋಯಿತು.

ಪುರೋಹಿತರು ಕೈ ಎತ್ತಿದರು, ಪೆನ್‌ಡ್ರೈವಿನ ಡೋಲು ಮೊಳಗಿತು. ನನ್ನ ಕಣ್ಣು ಕ್ಯಾಮೆರಾದಲ್ಲೇ. ಕೆಂಪು ದೀಪ ಉರಿಯುತ್ತಿತ್ತು. ಛತ್ರದ ದೊಡ್ಡ ಪರದೆಗೆ ಕ್ಯಾಮೆರಾದಿಂದಲೇ ವೈರ್ ಇದ್ದುದರಿಂದ ಅಲ್ಲೂ ಎಲ್ಲ ಸರಿಯಾಗಿತ್ತು. ಹುಡುಗ ಮೂರನೇ ಗಂಟು ಹಾಕಿದ. ಅನುಸೂಯಮ್ಮ ತಮ್ಮ ಅಕ್ಷತೆ ಹಾಕಿ, ಮತ್ತೊಂದು ಹಿಡಿ ತುಂಬಿಕೊಂಡು, ಜನರ ಮಧ್ಯೆ ತಿರುಗಿ ನಿಂತು ಕ್ಯಾಮೆರಾವನ್ನೇ ನೋಡಿದರು. ಅತ್ತುಕೊಂಡೇ ನಕ್ಕರು.

ಆಮೇಲೆ ಲ್ಯಾಪ್‌ಟಾಪ್ ಕಡೆ ತಿರುಗಿದೆ. ಬೇರೆಯವರ ಹಕ್ಕಿನ ಸಂಗೀತ ಪತ್ತೆಯಾಗಿದೆ, ನಿಲ್ಲಿಸದಿದ್ದರೆ ಲೈವ್ ನಿಲ್ಲಿಸುತ್ತೇವೆ ಎಂಬ ಎಚ್ಚರಿಕೆ ಯಾವಾಗಲೋ ಬಂದು ಕೂತಿತ್ತು. ಮೊಬೈಲಿನಲ್ಲಿ ನಮ್ಮದೇ ಲೈವ್ ತೆರೆದೆ. ಮದುಮಕ್ಕಳ ಜಾಗದಲ್ಲಿ ಅಲ್ಲಾಡದ ಒಂದು ಬೂದು ಚಿತ್ರ, ಶಬ್ದವೇ ಇಲ್ಲ. ಕೆಳಗೆ ನೆಂಟರ ಮೆಸೇಜುಗಳು ಮಾತ್ರ ಓಡುತ್ತಿದ್ದವು: "ಏನೂ ಕಾಣ್ತಿಲ್ಲ", "ನಮ್ಮ ನೆಟ್ಟೇ ಹೋಯ್ತಾ?", "ತಾಳಿ ಕಟ್ಟಿದ್ರಾ?" ವೈರ್ ಕಿತ್ತೆ. ಅಷ್ಟರಲ್ಲಿ ಲೈವ್ ಪೂರ್ತಿ ನಿಂತುಬಿಟ್ಟಿತ್ತು. ಹಾಡು ಪತ್ತೆ ಹಚ್ಚಿ ನಿಲ್ಲಿಸಿದ್ದು ಕಂಪ್ಯೂಟರು; ಫೋನ್ ಮಾಡಿ ಕಾಲು ಹಿಡಿಯೋಣವೆಂದರೆ ಆ ಕಡೆ ಮನುಷ್ಯರೇ ಇಲ್ಲ.

ಹೊಸ ಲೈವ್ ಶುರು ಮಾಡಿ ಹೊಸ ಲಿಂಕ್ ಕಳಿಸುವಷ್ಟರಲ್ಲಿ ಮಂಟಪದಲ್ಲಿ ಫೋಟೊಗೆ ಸಾಲು ನಿಂತಿತ್ತು. ವೇಣಿಯ ಮೆಸೇಜ್ ಬಂತು: "ಮುಗಿದೋಯ್ತಾ ಅಣ್ಣ? ಅಮ್ಮನಿಗೆ ಹೇಳ್ಬೇಡಿ. ನೋಡಿದೆ ಅಂತನೇ ಹೇಳಿ."

ಕ್ಯಾಮೆರಾ ಕಾರ್ಡಿನಲ್ಲಿ ಎಲ್ಲ ಇದೆ, ಸಂಜೆ ಕಳಿಸುತ್ತೇನೆ ಎಂದು ಬರೆದೆ. "ಕಳ್ಸಿ. ಆದ್ರೆ ಆಗ್ಲೇ ನೋಡ್ಬೇಕಿತ್ತು" ಎಂದಳು.

ಅಷ್ಟರಲ್ಲಿ ಸೊಣ್ಣಪ್ಪನವರು ಪೇಟದಲ್ಲೇ ಬಂದು ನಿಂತರು. ಬೈಸಿಕೊಳ್ಳಲು ತಯಾರಾದೆ.

"ಲೈವ್ ನಿಂತೋಗಿತ್ತಂತೆ?"

"ಹೌದು ಸಾರ್, ತಪ್ಪು ನಂದೇ. ಪೆನ್‌ಡ್ರೈವ್ ಹಾಡಿಂದ ಹಂಗಾಯ್ತು. ಹೊರಗಡೆ ನೋಡ್ತಿದ್ದೋರಿಗೆ ಯಾರಿಗೂ ತಾಳಿ ಕಾಣ್ಲಿಲ್ಲ."

"ಯಾರಿಗೂವಾ?"

"ಯಾರಿಗೂ ಸಾರ್."

ಅವರು ಬಗ್ಗಿ ನನ್ನ ಲ್ಯಾಪ್‌ಟಾಪ್ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ಬೆಳಗ್ಗೆ ಅನುಸೂಯ ನಿಂಗೆ ಚೀಟಿ ಕೊಟ್ಟಿದ್ನ ನಾನ್ ನೋಡ್ದೆ ಕಣಯ್ಯ. ದೊಡ್ಡೋಳ್ಗೂ ಕಾಣ್ಲಿಲ್ವಾ?"

ನಾನು ತಲೆ ತಗ್ಗಿಸಿ ಇಲ್ಲವೆಂದೆ.

"ಥೂ, ನಿನ್ ಮನೆ ಕಾಯ್ವೋಗ" ಎಂದರು. ಬೈದದ್ದು ನನ್ನನ್ನೋ ತಮ್ಮನ್ನೇ ತಾವೋ ತಿಳಿಯಲಿಲ್ಲ. ಕಣ್ಣು ಕೆಂಪಾಗಿತ್ತು. "ಬರೀ. ಊಟ ಮೂರ್ ಗಂಟೆ ಗಂಟ ನಡೀತದೆ ಅಂತ ಬರೀ. ಗಂಡನ್ನೂ ಕರ್ಕೊಂಡು ಬಾ ಅಂತ ಆಕು. ನಾನ್ ಏಳ್ದೆ ಅನ್ಬೇಡ."

ಬರೆದು ಕಳಿಸಿದೆ. ಅವಳು ಓದಿದ್ದು ಕಾಣಿಸಿತು. ಏನೋ ಟೈಪ್ ಮಾಡುತ್ತಿದ್ದಾಳೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಸೊಣ್ಣಪ್ಪನವರು ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಕುರ್ಚಿಯೊಂದನ್ನು ಗೇಟಿನ ಕಡೆ ತಿರುಗಿಸಿ ಕೂತರು. ಬೀಗರು ಎರಡು ಸಲ ಕರೆದರೂ ಏಳಲಿಲ್ಲ.