ವಿಶಾಖಾ ಮೇಡಂನ ಕಲಬೆರಕಿ ಲೆಕ್ಕ

ಬಸವಕಲ್ಯಾಣದಿಂದ ಹುಮನಾಬಾದಕ್ಕ ದಿನಾ ಬಸ್ಸಿಗೆ ಹೋಗಿ ಬರೋ ವಿಶಾಖಾ ಗಣಿತ ಕಲಿಸಾಕ ನಿಂತಳಂದ್ರ ಗ್ವಾಡಿ ಸುದ್ದಾ ಪಾಸಾಗತದ. ಇದ್ರಾಗ ಅರ್ಧ ಸುಳ್ಳದ, ತಗೋ. ಗ್ವಾಡಿ ಫೇಲೇ. ಆದ್ರ ಹುಡುಗೂರ ಸುದ್ದಿ ಖರೇ, ಕೇಳು.

ಆ ಖಾಸಗಿ ಸಾಲ್ಯಾಗ ಹತ್ತನೇತ್ತಕ್ಕ, ಅಂದ್ರ ಹತ್ತನೇ ಕ್ಲಾಸಿಗೆ, ಎರಡ ಸೆಕ್ಷನ್. ಎ ಸೆಕ್ಷನ್ ತುಳಜಾರಾಮ ಸರ್‌ದು, ಬಿ ಸೆಕ್ಷನ್ ವಿಶಾಖಾಂದು. ಸರ್ ಪೈಥಾಗೊರಸ್ ಹಿಡದ್ರ ಅದರವೇ ಇಪ್ಪತ್ತ ಲೆಕ್ಕ, ತ್ರಿಕೋನಮಿತಿ ಹಿಡದ್ರ ಅದರವೇ ಇಪ್ಪತ್ತ. ಹುಡುಗೂರ ಪೆನ್ನು ಬೆಂಕಿ ಹತ್ತಿದಂಗ ಓಡತಿದ್ವು. ವಿಶಾಖಾನೂ ಪಾಠ ಹೇಳಿ, ಒಂದೆರಡ ಲೆಕ್ಕ ಮಾಡಿ ತೋರಸ್ತಿದ್ಳು. ಆಮ್ಯಾಲ ಕೊಡೋ ಇಪ್ಪತ್ತ ಮಾತ್ರ ಕಲಸಿ ಕೊಡ್ತಿದ್ಳು. ಒಂದ ಗ್ವಾಡಿಗೆ ಹಚ್ಚಿದ ನಿಚ್ಚಣಿಕಿದು, ಒಂದ ಗಾಳಿಪಟದ್ದು, ಒಂದ ಗಿಡದ ನೆರಳಿಂದು. ಮೂರೂ ತ್ರಿಕೋನಾನೇ. ಆದ್ರ ನಿಚ್ಚಣಿಕಿಗೆ ಪೈಥಾಗೊರಸ್, ಪಟಕ್ಕ ತ್ರಿಕೋನಮಿತಿ, ನೆರಳಿಗೆ ಸಮರೂಪ ತ್ರಿಭುಜ. ಯಾವ ಪಾಠದ್ದಂತ ಮ್ಯಾಲ ಬರೀತಿರಲಿಲ್ಲ.

ಹುಡುಗೂರಿಗೆ ಒಂದ ಚಟ ಇತ್ತು. ಸೂತ್ರ ಬರದ್ರ ಮಾರ್ಕ್ ಬೀಳತದಂತ ಲೆಕ್ಕ ಓದೂಕಿಂತ ಮೊದಲ ಸೂತ್ರ ಬರಿಯೂದು. ಕಲಸಿದ ಲೆಕ್ಕದಾಗ ಹಿಂದಿನ ಸೂತ್ರಾನೇ ಬರದು ಸಿಕ್ಕೊಂಡ ಕೂಡ್ತಿದ್ರು. ವಿಶಾಖಾ ಪೆನ್ನ ಹಿಡದು ತಡೀತಿದ್ಳು. "ಮೊದಲ ಓದು. ಏನ ಕೊಟ್ಟಾರ? ಕೋನ ಕೊಟ್ಟಾರೇನು?" ತಪ್ಪಿದ್ದು ಅಲ್ಲೇ ತಿದ್ದತಿದ್ಳು.

ಎರಡೂ ಕಡೆ ತಮ್ಮ ತಮ್ಮ ನಮೂನಿಲೇ ಕೊಡೋ ವಾರದ ಟೆಸ್ಟಿನಾಗ ಇಪ್ಪತ್ತಕ್ಕ ಎ ಸೆಕ್ಷನ್ ಹದಿನೆಂಟು, ಬಿ ಸೆಕ್ಷನ್ ಹನ್ನೊಂದು. ತಿಂಗಳತನಾ ಇದೇ ಹಾಡು. ಬಿ ಸೆಕ್ಷನ್ನಿನ ದೀಪಾಲಿ ಅನ್ನೋ ಹುಡುಗಿ ಮನಿಗೆ ಹೋಗಿ ಅತ್ತದ್ದಕ್ಕ ಕೊಡ ತುಂಬತಿತ್ತು. ಆಕಿ ತಾಯಿ ಶಕುಂತಲಾಬಾಯಿಂದು ಕಿರಾಣಿ ಅಂಗಡಿ. ಸೀದಾ ಸಾಲಿಗೆ ಬಂದ್ಳು.

"ಬ್ಯಾಳ್ಯಾಗ ಹರಳ ಕಲಸಿದ್ರ ನಮ್ಮ ಅಂಗಡಿ ಮುಚ್ಚಸ್ತಾರ್ರಿ ಮೇಡಂ. ನೀವು ಲೆಕ್ಕದಾಗ ಕಲಬೆರಕಿ ಮಾಡಾಕತ್ತೀರಿ, ನಿಮಗ ಯಾರ ಕೇಳಬೇಕು?"

ಕೇಳಾಕ ಹೆಡ್ ಮಾಸ್ತರ ಮಹಾರುದ್ರಪ್ಪ ಇದ್ದ. ಬಿ ಸೆಕ್ಷನ್ನೂ ತುಳಜಾರಾಮಗ ಕೊಡತೀನಂದ. ವಿಶಾಖಾ ಟೆಂಪರರಿ, ಹತ್ತನೇತ್ತ ಹೋದ್ರ ನೌಕರೀನೂ ಹೋತು. ಆಕಿ ಒಂದೇ ಕೇಳಿಕೊಂಡ್ಳು: ಮೂರ ವಾರ ಬಿಟ್ಟು, ಯಾರಿಗೂ ಹೇಳದೆ, ಎರಡೂ ಸೆಕ್ಷನ್ನಿಗೆ ಒಂದೇ ಪೇಪರ್ ಕೊಡ್ರಿ. ಹಳೇ ಬೋರ್ಡ್ ಪೇಪರ್‌ನಿಂದ ನೀವೇ ಆರಸ್ರಿ.

"ಆತು," ಅಂದ ಹೆಡ್ ಮಾಸ್ತರ. "ಬಿ ಹಿಂದ ಬಿದ್ರ ಮರುದಿನದಿಂದ ನೀವು ಬರೂದು ಬ್ಯಾಡ್ರಿ."

ಆ ಮೂರ ವಾರ ಆಕಿ ಬಸ್ಸಿನಾಗ ಕೂತು ಉಗುರ ತಿಂದದ್ದು ಗೂಡಿಸಿದ್ರ ಒಂದ ಊಟ ಆಗತಿತ್ತು. ಒಂದ ದಿನ ಧೈರ್ಯಾನೂ ಜಾರಿತು. ಬೋರ್ಡಿನ ಮ್ಯಾಲ ಬರೇ ನಿಚ್ಚಣಿಕೀವೇ ಬರಿಯಾಕ ಸುರು ಮಾಡಿದ್ಳು. ಹುಡುಗೂರ ಮಾರಿ ಅರಳಿದ್ವು. ನಾಲ್ಕನೇ ಲೆಕ್ಕಕ್ಕ ವಿಶಾಖಾ ತಿರುಗಿ ನೋಡತಾಳ, ದೀಪಾಲಿ ಓದಾಕತ್ತಿಲ್ಲ. ಅಂಕಿ ಆರಿಸಿ ಸೂತ್ರದಾಗ ತುಂಬಾಕತ್ತಾಳ, ಅಷ್ಟೇ. ವಿಶಾಖಾ ಅರಬಿ ತಗೊಂಡು ಬೋರ್ಡ್ ಒರಸಿ ಮತ್ತ ಕಲಸೇ ಬರದ್ಳು. ಹುಡುಗೂರು ಮಾರಿ ಗಂಟ ಹಾಕ್ಕೊಂಡ್ರು.

ಪರೀಕ್ಷಾ ದಿನ ಆಕೀನ ಎ ಸೆಕ್ಷನ್ ಕಾಯಾಕ ನಿಲ್ಲಿಸಿದ್ರು. ಗಿಡದ ಲೆಕ್ಕ ಬಂದಿತ್ತು: ಆರ ಫೂಟಿನ ಮನಷ್ಯಾನ ನೆರಳು ನಾಲ್ಕ ಫೂಟ, ಗಿಡದ ನೆರಳು ಇಪ್ಪತ್ತೆಂಟ, ಗಿಡ ಎಷ್ಟ ಎತ್ತರ? ಅವರು ಕಡೀಕ ತಿಕ್ಕಿದ್ದು ತ್ರಿಕೋನಮಿತಿ. ಭಾಳ ಮಂದಿ ಟ್ಯಾನ್ ಥೀಟಾ ಅಂತ ಬರದು, ಇಲ್ಲದ ಕೋನ ಹುಡುಕ್ಕೋತ ಕೂತಿದ್ರು. ವಿಶಾಖಾಗ ಖುಷಿ ಆಗಲಿಲ್ಲ. ಅವೂ ಹುಡುಗೂರೇ ಅಲಾ.

ಸಂಜಿಮುಂದ ಹೆಡ್ ಮಾಸ್ತರ ತಾನೇ ತಿದ್ದಿದ. ಎ ಸೆಕ್ಷನ್ ಸರಾಸರಿ ಇಪ್ಪತ್ತಕ್ಕ ಒಂಬತ್ತು, ಬಿ ಹದಿನಾಲ್ಕು. ದೀಪಾಲಿಗೆ ಹದಿನೇಳು. ತುಳಜಾರಾಮ ಸರ್ ಪೇಪರ್ ಕಸಗೊಂಡು ಮತ್ತ ಎಣಿಸಿದ. ನಮ್ಮ ಹುಡುಗೂರಿಗೆ ಇವೆಲ್ಲಾ ಬರತಿದ್ವು, ಹೋದ ತಿಂಗಳೇ ಮಾಡ್ಯಾರ ಅಂದ.

"ಬರತಿದ್ವು ಸರ್," ಅಂದ್ಳು ವಿಶಾಖಾ. "ಆದ್ರ ಯಾವ ಸೂತ್ರ ಹಚ್ಚಬೇಕಂಬೂದು ಪಾಠದ ಹೆಸರೇ ಹೇಳಿಕೊಡತಿತ್ತು. ಇವತ್ತ ಹೆಸರ ಇರಲಿಲ್ಲ. ನಮ್ಮ ಹುಡುಗೂರು ದಿನಾ ಅದನ್ನೇ ಹುಡುಕಿ ಹುಡುಕಿ ಸೋತಿದ್ರು."

ಹೆಡ್ ಮಾಸ್ತರಗ ಅಷ್ಟಕ್ಕ ಸಮಾಧಾನ ಆಗಲಿಲ್ಲ. ದೀಪಾಲೀನ ಕರಸಿದ. ಮಾರ್ಕ್ ಹೇಳಿ, ಬೋರ್ಡ್ ಪರೀಕ್ಷಾತನಾ ಯಾವ ನಮೂನಿ ಕಲಿಸಬೇಕವ್ವಾ ನಿನಗ, ಅಂತ ಕೇಳಿದ. ವಿಶಾಖಾ ಕುರ್ಚಿ ಗಟ್ಟಿ ಹಿಡಕೊಂಡ್ಳು.

"ಒಂದೇ ನಮೂನಿ ಇಪ್ಪತ್ತ ಮಾಡಸೂದೇ ಛಲೋ ಸರ್," ಅಂದ್ಳು ಹುಡುಗಿ. "ಅದು ಲಗೂನ ತಲಿಗೆ ಹೋಗತದ. ಮೇಡಮ್ಮೋರವು ಬರೇ ತಪ್ಪತಾವ. ಕಲತೀವಿ ಅಂತ ಅನಸಂಗೇ ಇಲ್ಲ."

ಹದಿನೇಳ ತಗೊಂಡಾಕಿ ಬಾಯಾಗ ಈ ಮಾತು. ವಿಶಾಖಾನ ಎದಿ ಬಡಕೊಂಡದ್ದು ಬಸ್ ಸ್ಟ್ಯಾಂಡಿನತನಾ ಕೇಳಿರಬೇಕು. ಮಹಾರುದ್ರಪ್ಪ ಹುಡುಗಿ ಮಾರಿ ನೋಡಿದ, ಪೇಪರ್ ನೋಡಿದ, ಮತ್ತ ಹುಡುಗಿ ಮಾರಿ ನೋಡಿದ. ಪೇಪರಿನ ಹದಿನೇಳರ ಮ್ಯಾಲ ಬೆರಳಿಟ್ಟು ಟೈಮ್‌ಟೇಬಲ್ ಮುಂದ ಎಳಕೊಂಡ. ಹತ್ತನೇತ್ತ ಗಣಿತ ಅಂತಿದ್ದಲ್ಲಿ ಎರಡ ಹೆಸರಿದ್ವು. ಪೆನ್ನ ತಗದು ಒಂದರ ಮ್ಯಾಲ ಗೆರಿ ಹೊಡದ.

ಯಾರ ಹೆಸರು? ಅದನ್ನೂ ನಾನೇ ಹೇಳಬೇಕೇನು? ನೀ ಹೇಳ ನೋಡಮು.